ತೂಕದ ನಿರ್ಧಾರ ಕೋಷ್ಟಕ (ವೃತ್ತಿ ಆಯ್ಕೆ)

ತೂಕದ ನಿರ್ಧಾರ ಕೋಷ್ಟಕ ಎಂಬುದು ಹಲವು ಆಯ್ಕೆಗಳನ್ನು ಹಲವು ಮಾನದಂಡಗಳ ಮೇಲೆ ಒಟ್ಟಿಗೆ ಹೋಲಿಸಲು ಬಳಸುವ ಸರಳ ಲೆಕ್ಕಪದ್ಧತಿ. ಪ್ರತಿ ಮಾನದಂಡಕ್ಕೂ ಅದರ ಮಹತ್ವಕ್ಕೆ ತಕ್ಕ ತೂಕವನ್ನು ನೀಡಿ, ಪ್ರತಿ ಆಯ್ಕೆಗೂ ಆ ಮಾನದಂಡದಲ್ಲಿ ಅಂಕವನ್ನು ನೀಡಿ, ತೂಕವನ್ನು ಅಂಕದಿಂದ ಗುಣಿಸಿ ಕೂಡಿದಾಗ ಆಯ್ಕೆಯ ಒಟ್ಟು ಮೌಲ್ಯ ದೊರೆಯುತ್ತದೆ. ವೃತ್ತಿಯನ್ನು ಆರಿಸುವಾಗ ಸಾಮಾನ್ಯವಾಗಿ ಸಂಬಳ, ಕಲಿಕೆ, ಭದ್ರತೆ ಮತ್ತು ವೈಯಕ್ತಿಕ ಮೌಲ್ಯಗಳು ಎಂಬ ನಾಲ್ಕು ಮಾನದಂಡಗಳನ್ನು ತೆಗೆದುಕೊಳ್ಳಲಾಗುತ್ತದೆ. ಈ ಲೇಖನವು ಕೋಲಾರ ಜಿಲ್ಲೆಯ ಕೆಜಿಎಫ್ ಮತ್ತು ಬಂಗಾರಪೇಟೆ ಪ್ರದೇಶದ ಉದ್ಯೋಗ ಪರಿಸ್ಥಿತಿಯನ್ನು ಉದಾಹರಣೆಯಾಗಿಟ್ಟುಕೊಂಡು ಪದ್ಧತಿಯನ್ನು ವಿವರಿಸುತ್ತದೆ.

## ಹಿನ್ನೆಲೆ

ಸಾಧಕ ಬಾಧಕಗಳನ್ನು ಕಾಗದದ ಮೇಲೆ ಬರೆದು ತೂಗುವ ಕ್ರಮಕ್ಕೆ ಹಳೆಯ ನಿದರ್ಶನವೆಂದು ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರವನ್ನು ಹೆಸರಿಸುವುದುಂಟು. ಹಾಳೆಯನ್ನು ಎರಡು ಭಾಗ ಮಾಡಿ, ಮೂರು ನಾಲ್ಕು ದಿನಗಳ ಕಾಲ ಹೊಳೆದ ಕಾರಣಗಳನ್ನು ಎರಡು ಕಡೆಯೂ ಬರೆದು, ಸಮತೂಕದ ಕಾರಣಗಳನ್ನು ಪರಸ್ಪರ ಹೊಡೆದುಹಾಕುತ್ತ ಹೋಗುವುದು ಆತ ಸೂಚಿಸಿದ ಕ್ರಮ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಿರ್ಧಾರ ವಿಶ್ಲೇಷಣೆ ಒಂದು ಅಧ್ಯಯನ ಶಾಖೆಯಾಗಿ ಬೆಳೆದಂತೆ ಈ ಕ್ರಮ ಸಂಖ್ಯಾರೂಪವನ್ನು ಪಡೆಯಿತು. ಮನಶ್ಶಾಸ್ತ್ರಜ್ಞ ರಾಬಿನ್ ಡಾಸ್ 1979ರ ಪ್ರಬಂಧವೊಂದರಲ್ಲಿ, ಸರಿಯಾದ ಮಾನದಂಡಗಳನ್ನು ಆರಿಸಿಕೊಂಡಿದ್ದರೆ ಎಲ್ಲಕ್ಕೂ ಸಮಾನ ತೂಕ ಕೊಟ್ಟ ಒರಟು ಸೂತ್ರಗಳು ಕೂಡ ಅನೇಕ ಸಂದರ್ಭಗಳಲ್ಲಿ ಅನುಭವಿಗಳ ಅಂದಾಜಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ತೋರಿಸಿದರು. ವೃತ್ತಿಯ ಆಯ್ಕೆಯಲ್ಲಿ ಆ ಸಮಾಧಾನ ಪೂರ್ತಿಯಾಗಿ ದೊರೆಯುವುದಿಲ್ಲ. ಏಕೆಂದರೆ ಇಲ್ಲಿ ಮಾನದಂಡಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಹೆಚ್ಚು ಸಂಬಳದ ಕೆಲಸವೇ ಮನೆಯಿಂದ ಹೆಚ್ಚು ದೂರವಿರುತ್ತದೆ.

## ಪ್ರದೇಶದ ಉದ್ಯೋಗ ಪರಿಸ್ಥಿತಿ

ಕೋಲಾರ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿ 1880ರಲ್ಲಿ ಕೆಲಸ ಆರಂಭಿಸಿತು. 1956ರಲ್ಲಿ ಗಣಿಗಳು ಮೈಸೂರು ರಾಜ್ಯದ ವಶಕ್ಕೆ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿನಲ್ಲಿ ಉಳಿದ ದೊಡ್ಡ ಉದ್ಯೋಗದಾತ ಸಂಸ್ಥೆಯೆಂದರೆ 1964ರಲ್ಲಿ ಸ್ಥಾಪಿತವಾದ ಬಿಇಎಂಎಲ್.

ಗಣಿಗಾಗಿ ಹಾಕಿದ್ದ ಬಂಗಾರಪೇಟೆ–ಮಾರಿಕುಪ್ಪಂ ಕವಲು ರೈಲುಮಾರ್ಗ ಈಗ ಮುಖ್ಯವಾಗಿ ಬೆಂಗಳೂರಿಗೆ ದುಡಿಯಲು ಹೋಗುವವರ ಮಾರ್ಗವಾಗಿದೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ಜಾವ ಹತ್ತಿದವರು ಬಂಗಾರಪೇಟೆ ಜಂಕ್ಷನ್ ದಾಟಿ ವೈಟ್‌ಫೀಲ್ಡ್, ಕೃಷ್ಣರಾಜಪುರ, ಬೆಂಗಳೂರು ನಿಲ್ದಾಣಗಳಲ್ಲಿ ಇಳಿದು ರಾತ್ರಿ ಮರಳುತ್ತಾರೆ. ಇದಲ್ಲದೆ ಕೋಲಾರದ ಆಚೆ, ರಾಷ್ಟ್ರೀಯ ಹೆದ್ದಾರಿಯ ಪಕ್ಕದ ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ವಾಹನ ಮತ್ತು ಎಲೆಕ್ಟ್ರಾನಿಕ್ಸ್ ಜೋಡಣೆಯ ಕಾರ್ಖಾನೆಗಳಿವೆ. ಹೀಗಾಗಿ ಇಲ್ಲಿ ಐಟಿಐ ಅಥವಾ ಡಿಪ್ಲೊಮಾ ಮುಗಿಸಿದವರ ಮುಂದೆ ಹಲವು ಬಾರಿ ಮೂರು ದಾರಿಗಳಿರುತ್ತವೆ: ಊರಿನಲ್ಲೇ ತರಬೇತಿ, ಜಿಲ್ಲೆಯೊಳಗೆ ಗುತ್ತಿಗೆ ಕೆಲಸ, ರೈಲಿನಲ್ಲಿ ಬೆಂಗಳೂರು.

## ಉದಾಹರಣೆ

ಮುಂದಿನದು ಕಲ್ಪಿತ ಉದಾಹರಣೆ. ಮೊತ್ತಗಳು ಲೆಕ್ಕದ ವಿವರಣೆಗಾಗಿ ಮಾತ್ರ. ರಾಬರ್ಟ್‌ಸನ್‌ಪೇಟೆಯ ಒಬ್ಬ ಯುವತಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ತಂದೆ ಗಣಿಯಲ್ಲಿ ದುಡಿದವರು. ಸಿಲಿಕೋಸಿಸ್‌ನಿಂದ ಉಸಿರಾಟದ ತೊಂದರೆಯಿದೆ. ತಾಯಿ ಸಂಜೆ ಪಾಳಿಯಲ್ಲಿ ಕೆಲಸ ಮಾಡುವುದರಿಂದ ರಾತ್ರಿ ಎಂಟರ ನಂತರ ತಂದೆಯ ಬಳಿ ಯಾರಾದರೂ ಇರಬೇಕು. ಅವಳ ಮುಂದಿರುವ ಆಯ್ಕೆಗಳು ಹೀಗಿವೆ:

* ಅ – ಊರಿನ ಕಾರ್ಖಾನೆಯೊಂದರಲ್ಲಿ ಒಂದು ವರ್ಷದ ಅಪ್ರೆಂಟಿಸ್ ತರಬೇತಿ, ತಿಂಗಳಿಗೆ 12,000 ರೂಪಾಯಿ ಸ್ಟೈಪೆಂಡ್.
* ಆ – ನರಸಾಪುರದ ಜೋಡಣೆ ಘಟಕದಲ್ಲಿ ಗುತ್ತಿಗೆದಾರರ ಮೂಲಕ 11 ತಿಂಗಳ ಕೆಲಸ, 18,000 ರೂಪಾಯಿ.
* ಇ – ವೈಟ್‌ಫೀಲ್ಡ್ ಬಳಿಯ ಸಣ್ಣ ಟೂಲ್‌ರೂಮಿನಲ್ಲಿ ಕಾಯಂ ಕೆಲಸ, 24,000 ರೂಪಾಯಿ.

### ಸಂಬಳ

ಕೋಷ್ಟಕಕ್ಕೆ ಹಾಕಬೇಕಾದುದು ನೇಮಕಾತಿ ಪತ್ರದ ಮೊತ್ತವಲ್ಲ, ಓಡಾಟ ಮತ್ತು ಊಟದ ಖರ್ಚು ಕಳೆದು ಮನೆಗೆ ಬರುವ ಮೊತ್ತ. ಅ ಆಯ್ಕೆಯಲ್ಲಿ 500, ಆ ಆಯ್ಕೆಯಲ್ಲಿ 1,500, ಇ ಆಯ್ಕೆಯಲ್ಲಿ ರೈಲ್ವೆ ಪಾಸು, ನಗರದೊಳಗಿನ ಬಸ್ಸು, ಎರಡು ಹೊತ್ತಿನ ಊಟ ಸೇರಿ 4,500 ರೂಪಾಯಿ ಖರ್ಚಾದರೆ ಕೈಗೆ ಉಳಿಯುವುದು ಕ್ರಮವಾಗಿ 11,500, 16,500 ಮತ್ತು 19,500.

ಇಲ್ಲಿ ಓಡಾಟದ ಸಮಯವನ್ನೂ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಕೆಲಸ ಎಂದರೆ 208 ಗಂಟೆ. ನರಸಾಪುರಕ್ಕೆ ದಿನಕ್ಕೆ 3 ಗಂಟೆ ಓಡಾಟ ಸೇರಿದರೆ 286 ಗಂಟೆ, ವೈಟ್‌ಫೀಲ್ಡ್‌ಗೆ 5 ಗಂಟೆ ಸೇರಿದರೆ 338 ಗಂಟೆ. ಮನೆಯಿಂದ ಹೊರಗಿರುವ ಪ್ರತಿ ಗಂಟೆಗೆ ಎರಡೂ ಕೆಲಸಗಳಲ್ಲಿ ದೊರೆಯುವುದು ಸುಮಾರು 58 ರೂಪಾಯಿಯೇ. ಪತ್ರದ ಮೇಲೆ 6,000 ರೂಪಾಯಿಯಷ್ಟಿದ್ದ ಅಂತರ ಈ ದೃಷ್ಟಿಯಿಂದ ಉಳಿಯುವುದಿಲ್ಲ. ಆದರೆ ಓಡಾಟದ ಸಮಯವನ್ನು ಒಂದೇ ಅಂಕಣದಲ್ಲಿ ಎಣಿಸಬೇಕು. ಸಂಬಳವನ್ನು ಗಂಟೆಗೆ ಇಳಿಸಿ, ಮತ್ತೆ ವೈಯಕ್ತಿಕ ಮೌಲ್ಯಗಳಲ್ಲೂ ಸಮಯಕ್ಕೆ ಅಂಕ ಕಳೆದರೆ ಒಂದೇ ದೋಷಕ್ಕೆ ಎರಡು ಬಾರಿ ದಂಡ ವಿಧಿಸಿದಂತೆ ಆಗುತ್ತದೆ. ಈ ಉದಾಹರಣೆಯಲ್ಲಿ ಸಂಬಳದ ಅಂಕಣಕ್ಕೆ ತಿಂಗಳ ಉಳಿಕೆಯನ್ನು ಮಾತ್ರ ಇಟ್ಟು, ಸಮಯವನ್ನು ವೈಯಕ್ತಿಕ ಮೌಲ್ಯಗಳಿಗೆ ಬಿಡಲಾಗಿದೆ.

ಅಂಕಕ್ಕೆ ಎರಡು ಗೂಟಗಳು ಬೇಕು. 10,000 ರೂಪಾಯಿಗೆ 0, 20,000 ರೂಪಾಯಿಗೆ 10 ಎಂದು ನಿಗದಿಪಡಿಸಿದರೆ ಪ್ರತಿ ಸಾವಿರಕ್ಕೆ ಒಂದು ಅಂಕ. ಆಗ ಅಂಕಗಳು 1.5, 6.5, 9.5.

### ಕಲಿಕೆ

"ಚೆನ್ನಾಗಿ ಕಲಿಯಬಹುದು" ಎಂಬ ಮಾತಿಗೆ ಅಂಕ ಕೊಡಲಾಗದು. ಎರಡು ವರ್ಷಗಳ ನಂತರ ಬೇರೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ಯಾವ ಕೆಲಸವನ್ನು ಒಬ್ಬಳೇ ಮಾಡಬಲ್ಲೆನೆಂದು ಹೇಳಬಹುದು ಎಂಬುದನ್ನು ಅಳತೆಯಾಗಿಟ್ಟುಕೊಳ್ಳಬಹುದು. ಹೊಸದೇನೂ ಇಲ್ಲದಿದ್ದರೆ 0. ಒಂದು ಯಂತ್ರವನ್ನು ನಡೆಸಬಲ್ಲವಳಾದರೆ 5. ನಕ್ಷೆ ಓದಿ, ಯಂತ್ರಕ್ಕೆ ಕೆಲಸ ಜೋಡಿಸಿ, ತಯಾರಾದ ಭಾಗವನ್ನು ಅಳೆದು ತಪ್ಪು ಹುಡುಕಬಲ್ಲವಳಾದರೆ 10. ಈ ಅಳತೆಯಲ್ಲಿ ಅ 7, ಒಂದೇ ಬಗೆಯ ಕೆಲಸವನ್ನು ದಿನವಿಡೀ ಮಾಡಿಸುವ ಆ 3, ಇ 8.

### ಭದ್ರತೆ

ಹೆಚ್ಚಿನ ಕುಟುಂಬಗಳಲ್ಲಿ ಭದ್ರತೆಯ ಅಂಕವನ್ನು ಮಾಲೀಕತ್ವ ನೋಡಿ ಕೊಡುವ ರೂಢಿಯಿದೆ: ಸರ್ಕಾರಿಯಾದರೆ ಹತ್ತು, ಖಾಸಗಿಯಾದರೆ ಮೂರು. ಕೆಜಿಎಫ್‌ನಲ್ಲಿ ಈ ರೂಢಿ ಪ್ರಶ್ನಾರ್ಹವೆಂದು ಹೇಳಲು ದೂರ ಹೋಗಬೇಕಾಗಿಲ್ಲ. 1990ರಲ್ಲಿ ಯಾರಾದರೂ ಇಂತಹ ಕೋಷ್ಟಕ ಬರೆದಿದ್ದರೆ ಗಣಿಯ ಕಾಯಂ ಕೆಲಸಕ್ಕೆ ಭದ್ರತೆಯಲ್ಲಿ ಪೂರ್ಣ ಅಂಕ ದೊರೆಯುತ್ತಿತ್ತು. ಅದು ಕೇಂದ್ರ ಸರ್ಕಾರದ ಕಂಪನಿ, ಮನೆಯೂ ಕಂಪನಿಯದೇ. ಹನ್ನೊಂದು ವರ್ಷಗಳಲ್ಲಿ ಗಣಿ ಮುಚ್ಚಿತು. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿದು, ಆಳ ಹೆಚ್ಚಿದಂತೆ ವೆಚ್ಚ ಏರುತ್ತಿದ್ದ ಸಂಗತಿ ಆಗಲೇ ತಿಳಿದಿತ್ತು. ಆದರೆ ಅದು ನೇಮಕಾತಿ ಪತ್ರದಲ್ಲಿ ಕಾಣುವ ವಿಷಯವಾಗಿರಲಿಲ್ಲ.

ಆದ್ದರಿಂದ ಭದ್ರತೆಯನ್ನು ಕಾಲಮಿತಿಯೊಂದಿಗೆ ಅಳೆಯುವುದು ಮೇಲು. ಮುಂದಿನ 36 ತಿಂಗಳಲ್ಲಿ ಎಷ್ಟು ತಿಂಗಳ ಸಂಬಳವನ್ನು ನಂಬಬಹುದು ಎಂದು ಕೇಳಿಕೊಳ್ಳಬೇಕು. ಅಪ್ರೆಂಟಿಸ್ ತರಬೇತಿ ಕಾರ್ಖಾನೆ ಎಷ್ಟೇ ದೊಡ್ಡದಿದ್ದರೂ 12 ತಿಂಗಳದ್ದು. 1961ರ ಶಿಶಿಕ್ಷು ಕಾಯಿದೆಯಡಿ ತರಬೇತಿ ಮುಗಿದ ಮಾತ್ರಕ್ಕೆ ಅಲ್ಲಿಯೇ ಕೆಲಸ ಸಿಗಬೇಕೆಂದಿಲ್ಲ. ಹೀಗಾಗಿ ಅ ಆಯ್ಕೆಗೆ 4, ಆ ಆಯ್ಕೆಗೆ 3, ಸಣ್ಣದಾದರೂ ಕಾಯಂ ಆಗಿರುವ ಇ ಆಯ್ಕೆಗೆ 6. "ಕೆಲಸ ಹೋದರೂ ಕಲಿತ ವಿದ್ಯೆ ಉಳಿಯುತ್ತದೆ" ಎಂಬ ವಾದ ನಿಜವಾದರೂ ಅದು ಕಲಿಕೆಯ ಅಂಕಣದಲ್ಲಿ ಈಗಾಗಲೇ ಸೇರಿದೆ.

### ವೈಯಕ್ತಿಕ ಮೌಲ್ಯಗಳು

ಈ ಅಂಕಣ ಬೇಗನೆ ಮಸುಕಾಗುತ್ತದೆ. "ತೃಪ್ತಿ", "ಗೌರವ" ಎಂದು ಬರೆದರೆ ಮನಸ್ಸಿಗೆ ಬಂದ ಆಯ್ಕೆಗೆ ಬೇಕಾದಷ್ಟು ಅಂಕ ಹಾಕಿಕೊಳ್ಳಲು ಅವಕಾಶವಾಗುತ್ತದೆ. ಇಲ್ಲಿ ಅದರ ಅರ್ಥವನ್ನು ಒಂದೇ ಸಂಗತಿಗೆ ಸೀಮಿತಗೊಳಿಸಲಾಗಿದೆ: ಸಂಜೆ ಮನೆಯಲ್ಲಿ ಇರಲು ದೊರೆಯುವ ಸಮಯ. ಅ 9, ಆ 6, ಇ 2.

## ತೂಕ ನೀಡುವ ಕ್ರಮ

ಸಾಮಾನ್ಯ ಕ್ರಮವೆಂದರೆ ನೂರು ಅಂಶಗಳನ್ನು ಮನಸ್ಸಿಗೆ ತೋಚಿದಂತೆ ಹಂಚುವುದು. ಯುವತಿ ಮೊದಲು ಸಂಬಳಕ್ಕೆ 30, ಕಲಿಕೆಗೆ 25, ಭದ್ರತೆಗೆ 20, ಮೌಲ್ಯಗಳಿಗೆ 25 ಎಂದು ಹಂಚಿದಳು. ಹೀಗೆ ಹಂಚಿದಾಗ ಅ ಆಯ್ಕೆಗೆ 5.25, ಆ ಆಯ್ಕೆಗೆ 4.80, ಇ ಆಯ್ಕೆಗೆ 6.55 ಬಂದು ಬೆಂಗಳೂರಿನ ಕೆಲಸ ಸ್ಪಷ್ಟವಾಗಿ ಮುಂದಿತ್ತು.

ಈ ಹಂಚಿಕೆಯಲ್ಲಿ ದೋಷವಿದೆ. "ಸಂಬಳ ಮುಖ್ಯವೇ, ಸಮಯ ಮುಖ್ಯವೇ" ಎಂಬ ಪ್ರಶ್ನೆಗೆ ಎಷ್ಟು ಸಂಬಳ, ಎಷ್ಟು ಸಮಯ ಎಂದು ಹೇಳದೆ ಉತ್ತರವಿಲ್ಲ. ಇದಕ್ಕೆ ಪರಿಹಾರವಾಗಿ ಜಿಗಿತದ ಕ್ರಮವನ್ನು ಬಳಸುತ್ತಾರೆ. ನಾಲ್ಕೂ ಮಾನದಂಡಗಳಲ್ಲಿ 0 ಅಂಕವಿರುವ ಒಂದು ಕೆಲಸವನ್ನು ಕಲ್ಪಿಸಿಕೊಂಡು, ಯಾವುದಾದರೂ ಒಂದನ್ನು ಮಾತ್ರ 10ಕ್ಕೆ ಏರಿಸಬಹುದಾದರೆ ಯಾವುದನ್ನು ಏರಿಸುವೆ ಎಂದು ಕೇಳಬೇಕು. ಯುವತಿಯ ಉತ್ತರ: ಸಂಜೆಯ ಸಮಯ. ಅದಕ್ಕೆ 100 ಎಂದಿಟ್ಟುಕೊಂಡು, ಸಂಬಳ 10,000ದಿಂದ 20,000ಕ್ಕೆ ಏರುವುದು ಅದರ ಎಷ್ಟು ಪಾಲು ಬೆಲೆಯುಳ್ಳದ್ದು ಎಂದು ಕೇಳಿದಾಗ 75 ಎಂದಳು. ಕಲಿಕೆಗೆ 50, ಭದ್ರತೆಗೆ 25. ಒಟ್ಟು 250ರಿಂದ ಭಾಗಿಸಿದರೆ ತೂಕಗಳು ಮೌಲ್ಯ 40, ಸಂಬಳ 30, ಕಲಿಕೆ 20, ಭದ್ರತೆ 10.

| | ಸಂಬಳ | ಕಲಿಕೆ | ಭದ್ರತೆ | ಮೌಲ್ಯಗಳು | ಒಟ್ಟು |
|---|---|---|---|---|---|
| ತೂಕ | 0.30 | 0.20 | 0.10 | 0.40 | 1.00 |
| ಅ | 1.5 | 7 | 4 | 9 | 5.85 |
| ಆ | 6.5 | 3 | 3 | 6 | 5.25 |
| ಇ | 9.5 | 8 | 6 | 2 | 5.85 |

ಸ್ಪ್ರೆಡ್‌ಶೀಟಿನಲ್ಲಿ ತೂಕಗಳನ್ನು ಎರಡನೆಯ ಸಾಲಿನಲ್ಲಿಯೂ ಅಂಕಗಳನ್ನು ಮೂರನೆಯ ಸಾಲಿನಿಂದಲೂ ಬರೆದರೆ F3 ಕೋಶದಲ್ಲಿ ಈ ಸೂತ್ರವನ್ನು ಹಾಕಿ ಕೆಳಕ್ಕೆ ಎಳೆಯಬಹುದು:

```
=SUMPRODUCT($B$2:$E$2,B3:E3)
```

## ಫಲಿತಾಂಶದ ಪರಿಶೀಲನೆ

ಅ ಮತ್ತು ಇ ಸಮನಾಗಿ ನಿಂತಿರುವುದು ಲೆಕ್ಕದ ಸೋಲಲ್ಲ. ಎಲ್ಲಿ ತೂಕ ಸ್ವಲ್ಪ ಬದಲಾದರೂ ಉತ್ತರ ತಿರುಗುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಉಳಿದ ಮೂರರ ಪರಸ್ಪರ ಪ್ರಮಾಣವನ್ನು ಹಾಗೆಯೇ ಇಟ್ಟು ಮೌಲ್ಯಗಳ ತೂಕವನ್ನು 35ಕ್ಕೆ ಇಳಿಸಿದರೆ ಅ 5.59, ಇ 6.17, 45ಕ್ಕೆ ಏರಿಸಿದರೆ ಅ 6.11, ಇ 5.53. ಮನೆಯವರೊಡನೆ ಚರ್ಚಿಸಬೇಕಾದುದು ಈ ಒಂದು ಸಂಖ್ಯೆಯನ್ನು ಮಾತ್ರ.

ಕಲಿಕೆ ಮತ್ತು ಭದ್ರತೆಯನ್ನು ಪೂರ್ತಿ ಬಿಟ್ಟು ಸಂಬಳಕ್ಕೆ ಅರ್ಧ, ಮೌಲ್ಯಗಳಿಗೆ ಅರ್ಧ ತೂಕ ಕೊಟ್ಟರೆ ಅ 5.25, ಇ 5.75 ಆಗಿ, ಕೊನೆಯಲ್ಲಿದ್ದ ಆ 6.25ರೊಂದಿಗೆ ಮೇಲೆ ಬರುತ್ತದೆ. ಕೈಗೆ ಬರುವ ಹಣ ಮತ್ತು ಮನೆಗೆ ಮರಳುವ ಹೊತ್ತು ಇವೆರಡನ್ನೇ ನೋಡುವ ಮನೆಗಳಲ್ಲಿ ಗುತ್ತಿಗೆ ಕೆಲಸವೇ ಒಪ್ಪಿಗೆಯಾಗುವುದಕ್ಕೆ ಇದು ಒಂದು ಕಾರಣ. ಅವರ ಲೆಕ್ಕ ತಪ್ಪಲ್ಲ, ಅಂಕಣಗಳು ಕಡಿಮೆ.

ತೂಕಕ್ಕಿಂತ ಅಂಕವೇ ಅನುಮಾನಾಸ್ಪದವಾಗಿರುವುದೂ ಉಂಟು. ಈ ಕೋಷ್ಟಕದಲ್ಲಿ ತೀರ ದುರ್ಬಲವಾದ ಸಂಖ್ಯೆ ಇ ಆಯ್ಕೆಯ ಕಲಿಕೆಗೆ ಕೊಟ್ಟ 8, ಏಕೆಂದರೆ ಅದು ಸಂದರ್ಶನದಲ್ಲಿ ಮಾಲೀಕರು ಹೇಳಿದ ಮಾತಿನ ಮೇಲೆ ನಿಂತಿದೆ. ಅದೇ ಘಟಕದಲ್ಲಿ ಕೆಲಸ ಮಾಡುವವರೊಬ್ಬರನ್ನು ಬೆಳಗಿನ ರೈಲಿನಲ್ಲಿ ವಿಚಾರಿಸಿದಾಗ, ಹೊಸಬರನ್ನು ಮೊದಲ ಒಂದೂವರೆ ವರ್ಷ ತಯಾರಾದ ಭಾಗಗಳ ಎಣಿಕೆ ಮತ್ತು ಪ್ಯಾಕಿಂಗ್‌ಗೆ ಹಾಕುತ್ತಾರೆಂದು ತಿಳಿದರೆ ಅಂಕ 5ಕ್ಕೆ ಇಳಿಯುತ್ತದೆ, ಒಟ್ಟು 5.25 ಆಗುತ್ತದೆ. ಇಂತಹ ಒಂದು ವಿಚಾರಣೆ ದಶಮಾಂಶಗಳನ್ನು ತಿದ್ದುವುದಕ್ಕಿಂತ ಹೆಚ್ಚು ಉಪಯುಕ್ತ.

## ದೋಷಗಳು ಮತ್ತು ಮಿತಿಗಳು

ಗೂಟಗಳ ಬದಲಾವಣೆ. ಸಂಬಳದ ಅಳತೆಯನ್ನು 10,000–20,000 ಬದಲು 0–30,000 ಎಂದು ಮಾಡಿದರೆ ಅಂಕಗಳು ಸುಮಾರು 3.8, 5.5, 6.5 ಆಗುತ್ತವೆ. ತೂಕಗಳನ್ನು ಹಾಗೆಯೇ ಬಿಟ್ಟರೆ ಅ 6.55, ಇ 4.95. ವ್ಯಕ್ತಿಯ ಇಷ್ಟಾನಿಷ್ಟದಲ್ಲಿ ಏನೂ ಬದಲಾಗದಿದ್ದರೂ ಸಮನಾಗಿದ್ದ ಫಲಿತಾಂಶ ಒಂದು ಕಡೆಗೆ ವಾಲಿತು. ಗೂಟ ಬದಲಾದಾಗಲೆಲ್ಲ ತೂಕವನ್ನು ಮತ್ತೆ ಕೇಳಬೇಕು ಎಂಬ ನಿಯಮಕ್ಕೆ ಕಾರಣ ಇದೇ. ಬೇರೊಬ್ಬರ ಕೋಷ್ಟಕದಿಂದ ತೂಕಗಳನ್ನು ನಕಲು ಮಾಡುವುದು ಸಹ ಇದರಿಂದಾಗಿಯೇ ನಿರರ್ಥಕ.

ಹಿಂದಿನಿಂದ ತಿದ್ದುವುದು. ಫಲಿತಾಂಶ ನೋಡಿದ ಮೇಲೆ ಇಷ್ಟದ ಆಯ್ಕೆ ಗೆಲ್ಲುವವರೆಗೆ ತೂಕಗಳನ್ನು ಬದಲಿಸುವುದು ಎಲ್ಲರಲ್ಲೂ ಕಾಣುವ ಪ್ರವೃತ್ತಿ. ಆಯ್ಕೆಗಳಿಗೆ ಅಂಕ ಹಾಕುವ ಮೊದಲೇ ತೂಕಗಳನ್ನು ಬರೆದು ದಿನಾಂಕ ಹಾಕಿಟ್ಟರೆ ಇದು ಗೊತ್ತಾಗುತ್ತದೆ.

ಪರಿಹಾರದ ಊಹೆ. ಕೂಡುವ ಪದ್ಧತಿಯಲ್ಲಿ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ತುಂಬುತ್ತದೆ ಎಂಬ ಊಹೆಯಿದೆ. ಬದುಕಿನ ಕೆಲವು ಅಗತ್ಯಗಳು ಹಾಗಿಲ್ಲ. ರಾತ್ರಿ ಎಂಟರ ನಂತರ ತಂದೆಯ ಬಳಿ ಯಾರೂ ಇಲ್ಲದಿರುವುದನ್ನು 9.5 ಅಂಕದ ಸಂಬಳ ತುಂಬಲಾರದು. ಅದೇ ರೀತಿ ಮನೆ ನಡೆಯಲು ಅವಳಿಂದ ತಿಂಗಳಿಗೆ ಕನಿಷ್ಠ 15,000 ರೂಪಾಯಿ ಬೇಕಿದ್ದರೆ, 11,500 ತರುವ ತರಬೇತಿಯ ಉಳಿದ ಗುಣಗಳು ಬಾಡಿಗೆ ಕಟ್ಟುವುದಿಲ್ಲ. ಇಂತಹ ಕನಿಷ್ಠ ಗೆರೆಗಳನ್ನು ಕೋಷ್ಟಕದ ಒಳಗೆ ಸೇರಿಸದೆ, ಅದಕ್ಕೂ ಮೊದಲೇ ಎಳೆಯಬೇಕು. ಗೆರೆ ದಾಟದ ಆಯ್ಕೆಗೆ ಅಂಕವೇ ಇಲ್ಲ.

ಈ ಉದಾಹರಣೆಯಲ್ಲಿ ಎರಡೂ ಗೆರೆಗಳನ್ನು ಎಳೆದರೆ ಸಂಬಳದಲ್ಲಿ ಅ, ಸಮಯದಲ್ಲಿ ಇ ಹೊರಬೀಳುತ್ತವೆ. ಕೋಷ್ಟಕದಲ್ಲಿ ಕೊನೆಯ ಸ್ಥಾನದಲ್ಲಿದ್ದ ನರಸಾಪುರದ ಕೆಲಸವೊಂದೇ ಉಳಿಯುತ್ತದೆ. ತಾಯಿಗೆ ಬೆಳಗಿನ ಪಾಳಿ ದೊರೆತರೆ ಇ ಮರಳಿ ಬರುತ್ತದೆ; ಬೇರೆ ಆದಾಯವೊಂದು ತಿಂಗಳಿಗೆ 3,500 ರೂಪಾಯಿ ತುಂಬಿದರೆ ಅ ಮರಳಿ ಬರುತ್ತದೆ. ಯಾವುದೂ ಆಗದಿದ್ದರೆ ಆ ಕೆಲಸವನ್ನು ಒಪ್ಪಿಕೊಂಡು, ಅದರ ಕಲಿಕೆಯ ಅಂಕ 3 ಎಂಬುದನ್ನು ತಿಳಿದೇ ಸೇರಬೇಕಾಗುತ್ತದೆ. ಗುತ್ತಿಗೆಯ ಹನ್ನೊಂದನೆಯ ತಿಂಗಳಿಗೆ ಮೊದಲು ಆಗಿನ ಆಯ್ಕೆಗಳು ಮತ್ತು ಆಗಿನ ಗೆರೆಗಳೊಂದಿಗೆ ಕೋಷ್ಟಕವನ್ನು ಹೊಸದಾಗಿ ಬರೆಯಬೇಕಾಗುತ್ತದೆ.